ಎರಕ ಸಾಮರ್ಥ್ಯ ಕಾಯ್ದಿರಿಸುವ ಕುರಿತು ಆಶಯ ಪತ್ರ

ಹುಬ್ಬಳ್ಳಿ, 6 ಅಕ್ಟೋಬರ್ 2025

ಇವರಿಗೆ:
ಮಾಲೀಕರು, ಫೌಂಡ್ರಿ ಘಟಕ, ಉದ್ಯಮಬಾಗ, ಬೆಳಗಾವಿ

ಮಾನ್ಯರೇ,

ಬೇಸಿಗೆಯ ಪಂಪ್ ಬೇಡಿಕೆಗಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ 12 ಟನ್ ಎರಕ ಸಾಮರ್ಥ್ಯವನ್ನು ನಮ್ಮ ಹೆಸರಿಗೆ ಕಾಯ್ದಿರಿಸಬೇಕೆಂದು ಕೋರುತ್ತೇವೆ. ಬೇಕಿರುವುದು ಎಫ್‌ಜಿ 260 ದರ್ಜೆಯ ಪಂಪ್ ಕವಚಗಳು. ಅಚ್ಚುಗಳನ್ನು ನಾವೇ ಕಳುಹಿಸುತ್ತೇವೆ. ಅವುಗಳ ಒಡೆತನ ನಮ್ಮದೇ.

ಕೆ.ಜಿ.ಗೆ 92 ರೂಪಾಯಿ ದರ ಮಾತುಕತೆಯ ಆಧಾರ ಮಾತ್ರ. ಬೀಡುಕಬ್ಬಿಣದ ಬೆಲೆ ಏರಿಳಿದರೆ ಹೊಂದಾಣಿಕೆ ಹೇಗೆಂಬುದು ಒಪ್ಪಂದದಲ್ಲಿ ತೀರ್ಮಾನವಾಗಲಿ.

ಕಾಯ್ದಿರಿಸುವಿಕೆಗೆ 3 ಲಕ್ಷ ರೂಪಾಯಿ ಮುಂಗಡ ನೀಡುತ್ತೇವೆ. ಅದು ಮೊದಲ ಬಿಲ್ಲುಗಳಲ್ಲಿ ವಜಾ ಆಗಬೇಕು. ನವೆಂಬರ್ 15ರೊಳಗೆ ನಾವು ಒಪ್ಪಂದಕ್ಕೆ ಸಹಿ ಹಾಕದೆ ಹಿಂದೆ ಸರಿದರೆ ಮುಂಗಡ ನಿಮಗೇ ಸಲ್ಲುತ್ತದೆ; ನೀವು ಸರಿದರೆ ಏಳು ದಿನಗಳಲ್ಲಿ ಮರಳಿಸಬೇಕು. ಈ ಷರತ್ತು, ಅಚ್ಚುಗಳ ಒಡೆತನ ಮತ್ತು ವಿನ್ಯಾಸದ ಗೋಪ್ಯತೆ ಬಿಟ್ಟು ಪತ್ರದ ಉಳಿದ ಯಾವುದೂ ಉಭಯರನ್ನು ಕಾನೂನುಬದ್ಧವಾಗಿ ಕಟ್ಟಿಹಾಕುವುದಿಲ್ಲ.

ಮಾದರಿ ಎರಕಗಳಲ್ಲಿ ಕವಚದ ಒಳಗೋಡೆಯನ್ನು ವಿಶೇಷವಾಗಿ ಪರೀಕ್ಷಿಸುತ್ತೇವೆ. ಗಾಳಿಗುಳ್ಳೆ ಅಲ್ಲಿಯೇ ಅಡಗಿದ್ದು, ಯಂತ್ರಕ್ಕೆ ಹಾಕಿದ ಮೇಲಷ್ಟೇ ಬಯಲಾಗುತ್ತದೆ.

ಒಪ್ಪಿಗೆಯಿದ್ದರೆ ನಕಲು ಪ್ರತಿಗೆ ಸಹಿ, ಮೊಹರು ಹಾಕಿ ಅಕ್ಟೋಬರ್ 13ರೊಳಗೆ ಕಳುಹಿಸಿಕೊಡಿ.

ತಮ್ಮ ವಿಶ್ವಾಸಿ,
(ಸಹಿ)
ಖರೀದಿ ವಿಭಾಗದ ಮುಖ್ಯಸ್ಥರು
ಪಂಪ್ ತಯಾರಿಕಾ ಘಟಕ, ಗೋಕುಲ ರಸ್ತೆ, ಹುಬ್ಬಳ್ಳಿ