ಹೊಸ ರೆಫರಲ್ ಯೋಜನೆ: ಯಾರಿಗೆ ಎಷ್ಟು, ಯಾಕೆ, ಹೇಗೆ

ಸುತ್ತೋಲೆ: ಮಾನವ ಸಂಪನ್ಮೂಲ ವಿಭಾಗ, ಹೆಬ್ಬಾಳ ಕೈಗಾರಿಕಾ ಪ್ರದೇಶ ಘಟಕ, ಮೈಸೂರು
ಯಾರಿಗೆ: ಎಲ್ಲ ವಿಭಾಗಗಳ ಸಿಬ್ಬಂದಿಗೆ, ಗುತ್ತಿಗೆ ಸಿಬ್ಬಂದಿಯೂ ಸೇರಿ
ಜಾರಿ: 1 ಏಪ್ರಿಲ್ 2026ರಿಂದ

ಸಹೋದ್ಯೋಗಿಗಳೇ,

ನಿಮಗೆ ಪರಿಚಯ ಇರುವವರ ಹೆಸರು ಕೊಟ್ಟು, ಅವರು ನಮ್ಮಲ್ಲಿ ಕೆಲಸಕ್ಕೆ ಸೇರಿದರೆ ಇನ್ನು ಮುಂದೆ ಎಲ್ಲರಿಗೂ ಒಂದೇ ಮೊತ್ತ: 12,000 ರೂಪಾಯಿ. ನೀವು ಕ್ಯಾಂಟೀನಿನಲ್ಲಿರಿ, ಡಿಸೈನ್ ವಿಭಾಗದಲ್ಲಿರಿ, ಲೆಕ್ಕ ಒಂದೇ. ಸೇರುವವರು ಅಸೆಂಬ್ಲಿ ಆಪರೇಟರ್ ಆಗಲಿ, ಟೆಸ್ಟ್ ಎಂಜಿನಿಯರ್ ಆಗಲಿ, ಆಗಲೂ ಒಂದೇ. ಆದರೆ ರೆಫರಲ್‌ನಿಂದ ಅವರಿಗೆ ಸಿಗುವುದು ಅರ್ಜಿ ಹಾಕುವ ಅವಕಾಶ ಅಷ್ಟೇ. ಕೆಲಸವನ್ನು ಅವರೇ ಗಿಟ್ಟಿಸಿಕೊಳ್ಳಬೇಕು.

ಹಳೇ ಯೋಜನೆ ಯಾಕೆ ಬೇಡವಾಯಿತು

ಇಲ್ಲಿವರೆಗೆ ಆಪರೇಟರ್ ರೆಫರಲ್‌ಗೆ 3,000 ರೂಪಾಯಿ, ಎಂಜಿನಿಯರ್ ರೆಫರಲ್‌ಗೆ 40,000 ರೂಪಾಯಿ ಇತ್ತು. ಎಂಜಿನಿಯರ್‌ಗಳ ಪರಿಚಯ ಹೆಚ್ಚಾಗಿ ಎಂಜಿನಿಯರ್‌ಗಳಿಗೇ ಇರುತ್ತದೆ, ಅಲ್ವಾ? ಹಾಗಾಗಿ ದೊಡ್ಡ ಮೊತ್ತ ಹೋಗುತ್ತಿದ್ದದ್ದು ಮೊದಲೇ ದೊಡ್ಡ ಸಂಬಳ ಇರುವವರ ಖಾತೆಗೆ. ಕಳೆದ ವರ್ಷ ರೆಫರಲ್‌ನಿಂದ 22 ಆಪರೇಟರ್‌ಗಳು, 6 ಎಂಜಿನಿಯರ್‌ಗಳು ಸೇರಿದರು. ಆ 22 ಜನರನ್ನು ಕರೆತಂದವರಿಗೆಲ್ಲ ಸೇರಿ ಸಿಕ್ಕಿದ್ದು 66,000. ಆರು ಜನರನ್ನು ಕರೆತಂದವರಿಗೆ 2,40,000. ಅದೇ 28 ಜನರಿಗೆ ಹೊಸ ದರ ಹಾಕಿದರೆ 3,36,000 ಆಗುತ್ತದೆ. ಕಂಪನಿಗೆ ಖರ್ಚು 30,000 ಜಾಸ್ತಿ. ಇದಕ್ಕೆ ಆಡಳಿತ ಒಪ್ಪಿದೆ.

ಎಂಜಿನಿಯರ್‌ಗಳು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. ಹೊರಗಿನ ಏಜೆನ್ಸಿಗೆ ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟು ಕೊಡುತ್ತೀರಿ, ನಮಗೆ ಮಾತ್ರ ಹನ್ನೆರಡು ಸಾವಿರವಾ ಅಂತ. ಏಜೆನ್ಸಿಯವರು ಜನ ಹುಡುಕುತ್ತಾರೆ, ಫೋನ್ ಮಾಡಿ ವಿಚಾರಿಸುತ್ತಾರೆ, ಇಂಟರ್‌ವ್ಯೂಗೆ ಹೊಂದಿಸುತ್ತಾರೆ, ಸೇರಿದವರು ಬೇಗ ಬಿಟ್ಟರೆ ಬೇರೆಯವರನ್ನು ಕೊಡುತ್ತಾರೆ. ನಾವು ನಿಮ್ಮಿಂದ ಕೇಳುತ್ತಿರುವುದು ಒಂದು ಹೆಸರು, ನಾಲ್ಕು ಸಾಲು ಮಾತು. ಆ ನಾಲ್ಕು ಸಾಲು ಬರೆಯುವ ಶ್ರಮ ಎಂಜಿನಿಯರ್‌ಗೂ ಆಪರೇಟರ್‌ಗೂ ಒಂದೇ.

ಎರಡನೇ ಕಾರಣ ಹಣದ್ದಲ್ಲ. ಮೂರನೇ ಅಸೆಂಬ್ಲಿ ಲೈನಿನಲ್ಲಿ 18 ಜನ ಇದ್ದಾರೆ. ಅವರಲ್ಲಿ 11 ಜನ ನಂಜನಗೂಡಿನ ಸುತ್ತಮುತ್ತಲಿನವರು. ಒಬ್ಬರು ಇನ್ನೊಬ್ಬರನ್ನು ಕರೆತಂದರು, ಅವರು ಮತ್ತೊಬ್ಬರನ್ನು. ಎಲ್ಲರೂ ಒಳ್ಳೆಯ ಕೆಲಸಗಾರರೇ, ಅದರಲ್ಲಿ ಅನುಮಾನ ಬೇಡ. ಆದರೆ ಕಳೆದ ವರ್ಷ ದೊಡ್ಡ ಜಾತ್ರೆಯ ತೇರಿನ ದಿನ ಅಷ್ಟೂ ಜನ ರಜೆ ಕೇಳಿದರು, ಲೈನ್ ನಿಲ್ಲಿಸಬೇಕಾಯಿತು. ಜಾತ್ರೆಗೆ ಹೋಗಬೇಡಿ ಅನ್ನಲು ನಾವ್ಯಾರು? ತೊಂದರೆ ಇರುವುದು ಲೈನ್ ತುಂಬಿಸಿದ ರೀತಿಯಲ್ಲಿ. ಅದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಅದೇ ಲೈನಿಗೆ ಹಾವೇರಿ ಕಡೆಯಿಂದ ಬಂದ ಒಬ್ಬ ಹುಡುಗಿ ನಾಲ್ಕು ತಿಂಗಳಿಗೇ ಕೆಲಸ ಬಿಟ್ಟಳು. ಯಾರೂ ಜಗಳ ಆಡಿಲ್ಲ, ಕೆಟ್ಟದಾಗಿ ಮಾತಾಡಿಲ್ಲ. ಊಟಕ್ಕೆ ಕೂತರೆ ಎಲ್ಲರದೂ ಒಂದೇ ಊರಿನ ಮಾತು, ಶಿಫ್ಟ್ ಬದಲಾಯಿಸಿಕೊಳ್ಳುವುದೂ ಅವರವರಲ್ಲೇ ಅಂದಳು. ರೆಫರಲ್ ಒಂದನ್ನೇ ನಂಬಿದರೆ ತಂಡ ಹೀಗೇ ಆಗುತ್ತದೆ. ಊರು, ಜಾತಿ, ಕಾಲೇಜು, ಗಂಡು ಹೆಣ್ಣು ಎಲ್ಲದರಲ್ಲೂ ನಮಗೆ ಹತ್ತಿರದವರು ನಮ್ಮಂಥವರೇ ಆಗಿರುತ್ತಾರೆ. ಡಿಸೈನ್ ವಿಭಾಗದವರು ನಗಬೇಡಿ. ನಿಮ್ಮ 14 ಜನರಲ್ಲಿ 9 ಜನ ಒಂದೇ ಎಂಜಿನಿಯರಿಂಗ್ ಕಾಲೇಜಿನವರು.

ಹೆಸರು ಕೊಡುವ ಮುಂಚೆ

ಆಪ್ತರನ್ನು ಬಿಟ್ಟು ಸ್ವಲ್ಪ ಆಚೆ ಯೋಚಿಸಿ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೋವೆಟರ್ ಇದರ ಬಗ್ಗೆ 1973ರಲ್ಲೇ ಬರೆದರು. ಪರಿಚಯದ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದಾಗ, ಹೆಚ್ಚಿನವರಿಗೆ ಸುದ್ದಿ ಕೊಟ್ಟವರು ದಿನಾ ಸಿಗುವ ಗೆಳೆಯರಾಗಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಸಿಗುವ ಪರಿಚಯದವರಾಗಿದ್ದರು. ನಿಮ್ಮ ಹಳೇ ಕಂಪನಿಯಲ್ಲಿ ಪಕ್ಕದ ಬೆಂಚಿನಲ್ಲಿದ್ದವರು, ಅಪ್ರೆಂಟಿಸ್ ಬ್ಯಾಚಿನಲ್ಲಿ ಜೊತೆಗಿದ್ದವರು, ಮಗು ಆಗಿ ಕೆಲಸ ಬಿಟ್ಟು ಈಗ ವಾಪಸ್ ಬರಬೇಕೆಂದಿರುವವರು, ಕಸ್ಟಮರ್ ಕಡೆಯಿಂದ ತಪಾಸಣೆಗೆ ಬರುತ್ತಿದ್ದ ಚುರುಕಿನ ಹುಡುಗ: ಇವರೆಲ್ಲ ನೆನಪಿಗೆ ಬರಲಿ.

ಫಾರಂ ಒಂದೇ ಪುಟ. ಅದರಲ್ಲಿ ಮುಖ್ಯ ಪ್ರಶ್ನೆ ಎರಡು. ಇವರು ನಿಮಗೆ ಹೇಗೆ ಪರಿಚಯ? ಇವರು ಮಾಡಿದ ಯಾವ ಕೆಲಸವನ್ನು ನೀವು ಕಣ್ಣಾರೆ ನೋಡಿದ್ದೀರಿ? "ತುಂಬಾ ಒಳ್ಳೆಯ ಹುಡುಗ, ಒಳ್ಳೆ ಮನೆತನ" ಎಂದಷ್ಟೇ ಬರೆದರೆ ಫಾರಂ ವಾಪಸ್ ಬರುತ್ತದೆ. ಕೆಲಸ ನೋಡಿಲ್ಲದಿದ್ದರೆ ನೋಡಿಲ್ಲ ಎಂದೇ ಬರೆಯಿರಿ, ಅದಕ್ಕೆ ಅಂಕ ಕಳೆಯುವುದಿಲ್ಲ. ಜಾತಿ, ಧರ್ಮ, ಮದುವೆ, ಫೋಟೋ ಯಾವುದೂ ಬೇಡ. ಬರೆಯಲು ಕಷ್ಟ ಆದರೆ ಟೈಮ್ ಆಫೀಸಿಗೆ ಬಂದು ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ.

ಅವರಿಗೆ ಹೇಳದೆ ಅವರ ಬಯೋಡೇಟಾ, ಫೋನ್ ನಂಬರ್ ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಇದೆ. ಕಾಯ್ದೆ ಇಲ್ಲದಿದ್ದರೂ ಅದು ಸರಿಯಲ್ಲ.

ಹಣ ಯಾವಾಗ, ಹೇಗೆ

ಹೊಸಬರು ಒಂದು ತಿಂಗಳು ಪೂರೈಸಿದ ಮೇಲೆ 4,000. ಆರು ತಿಂಗಳಿಗೆ ಪ್ರೊಬೇಷನ್ ಮುಗಿದ ಮೇಲೆ 8,000. ಎರಡೂ ಆಯಾ ತಿಂಗಳ ಸಂಬಳದ ಜೊತೆಗೇ ಬರುತ್ತದೆ. ಇದು ಸಂಬಳದ ಆದಾಯವೇ ಆದ್ದರಿಂದ ತೆರಿಗೆ ಕಟ್ಟುವವರಿಗೆ ಟಿಡಿಎಸ್ ಕಡಿತ ಆಗುತ್ತದೆ. ಒಂದು ವರ್ಷದವರೆಗೆ ತಡೆಹಿಡಿಯೋಣ ಎಂಬ ಸಲಹೆಯೂ ಬಂದಿತ್ತು. ಬೇಡ ಅಂದೆವು. ಆರು ತಿಂಗಳಾದ ಮೇಲೂ ಒಬ್ಬರು ಉಳಿಯುತ್ತಾರೋ ಬಿಡುತ್ತಾರೋ ಅನ್ನುವುದು ಸಂಬಳ, ಶಿಫ್ಟ್, ಸೂಪರ್‌ವೈಸರ್ ಮೇಲೆ ನಿಂತಿರುತ್ತದೆ. ಅದರ ಹೊಣೆ ಹೆಸರು ಕೊಟ್ಟವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಂಪನಿಯೇ ಆರ್ಡರ್ ಕಡಿಮೆ ಎಂದು ಹೊಸಬರನ್ನು ತೆಗೆದರೂ ನಿಮ್ಮ ಪೂರ್ತಿ ಹಣ ಬರುತ್ತದೆ. ನಡುವೆ ನೀವೇ ಕೆಲಸ ಬಿಟ್ಟರೂ ಎರಡನೇ ಕಂತು ಅದರ ದಿನಕ್ಕೆ ನಿಮ್ಮ ಖಾತೆಗೆ ಬೀಳುತ್ತದೆ.

ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕ್ಯಾಂಟೀನ್ ಸಿಬ್ಬಂದಿಗೆ ಇದುವರೆಗೆ ಈ ಯೋಜನೆಯೇ ಇರಲಿಲ್ಲ. ಈಗ ಅವರೂ ಇದ್ದಾರೆ. ಅವರ ಹಣ ಗುತ್ತಿಗೆದಾರರ ಸಂಬಳ ಪಟ್ಟಿಯ ಮೂಲಕವೇ ಹೋಗುತ್ತದೆ, ಆದರೆ ಗುತ್ತಿಗೆದಾರರು ಅದರಲ್ಲಿ ಕಮಿಷನ್ ಹಿಡಿಯುವಂತಿಲ್ಲ. ಹಿಡಿದರೆ ನಮಗೆ ತಿಳಿಸಿ.

ಹಣ ಸಿಗದವರು: ಮಾನವ ಸಂಪನ್ಮೂಲ ವಿಭಾಗದವರು, ಘಟಕದ ಮುಖ್ಯಸ್ಥರು, ಆ ಹುದ್ದೆಯ ಇಂಟರ್‌ವ್ಯೂನಲ್ಲಿ ಕೂರುವವರು, ತಮ್ಮದೇ ವಿಭಾಗಕ್ಕೆ ಜನ ತೆಗೆದುಕೊಳ್ಳುವ ಮ್ಯಾನೇಜರ್‌ಗಳು. ಇವರೂ ಹೆಸರು ಕೊಡಬಹುದು, ದುಡ್ಡು ಮಾತ್ರ ಇಲ್ಲ.

ಹೆಣ್ಣುಮಕ್ಕಳನ್ನು ಕರೆತಂದರೆ ಎರಡು ಪಟ್ಟು ಕೊಡಬಹುದಲ್ಲಾ?

ಈ ಸಲಹೆ ಬಂದದ್ದು ಒಳ್ಳೆಯ ಮನಸ್ಸಿನಿಂದಲೇ. ಇಂಟೆಲ್ ಕಂಪನಿ 2015ರಲ್ಲಿ ಅಮೆರಿಕದಲ್ಲಿ ಹೀಗೆ ಮಾಡಿತ್ತು. ಮಹಿಳೆಯರು, ಅಲ್ಪಸಂಖ್ಯಾತರು, ಮಾಜಿ ಸೈನಿಕರನ್ನು ರೆಫರ್ ಮಾಡಿದವರಿಗೆ ಬಹುಮಾನ ದುಪ್ಪಟ್ಟು, 4,000 ಡಾಲರ್‌ವರೆಗೆ. ನಾವು ಬೇಡ ಎಂದು ತೀರ್ಮಾನಿಸಿದ್ದೇವೆ. ಕೆಲಸಕ್ಕೆ ಬಂದ ಮೊದಲ ದಿನವೇ "ಇವಳಿಗೆ ಡಬಲ್ ರೇಟು" ಎಂದು ಲೈನಿನಲ್ಲಿ ಯಾರೋ ಒಬ್ಬರು ಅಂದೇ ಅನ್ನುತ್ತಾರೆ. ಆ ಮಾತು ಅವರನ್ನು ವರ್ಷಗಟ್ಟಲೆ ಬಿಡುವುದಿಲ್ಲ. ಅಂಗವಿಕಲರ ವಿಷಯದಲ್ಲಿ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ. ವೈವಿಧ್ಯ ಉಳಿಸುವುದು ಕಂಪನಿಯ ಕೆಲಸ. ಅದನ್ನು ಬಹುಮಾನದ ಹಣಕ್ಕೆ ವಹಿಸಿ ನಾವು ಸುಮ್ನೆ ಕೂರುವ ಹಾಗಿಲ್ಲ.

ಅದಕ್ಕೆ ಬದಲಾಗಿ ಬೇರೆ ಬಾಗಿಲುಗಳನ್ನು ತೆರೆದಿಡುತ್ತೇವೆ. ಯಾವ ಹುದ್ದೆಯೂ ಹೊರಗೆ ಪ್ರಕಟವಾಗಿ ಹತ್ತು ದಿನ ಆಗುವ ಮುಂಚೆ ಮುಚ್ಚುವುದಿಲ್ಲ. ಪ್ರಕಟಣೆ ಸಿಪಿಸಿ ಪಾಲಿಟೆಕ್ನಿಕ್‌ಗೆ, ಜೆಎಸ್‌ಎಸ್ ವಿಶೇಷಚೇತನರ ಪಾಲಿಟೆಕ್ನಿಕ್‌ಗೆ, ಜಿಲ್ಲೆಯ ಐಟಿಐಗಳಿಗೆ, ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋಗುತ್ತದೆ. ಚಾಮರಾಜನಗರ, ಹಾಸನ, ಮಂಡ್ಯಕ್ಕೂ ಕಳಿಸುತ್ತೇವೆ. ಇಂಟರ್‌ವ್ಯೂ ಪಟ್ಟಿಯಲ್ಲಿ ರೆಫರಲ್‌ನಿಂದ ಬಂದವರು ಅರ್ಧಕ್ಕಿಂತ ಜಾಸ್ತಿ ಇರುವುದಿಲ್ಲ. ಹೊರಗಿನಿಂದ ತಕ್ಕವರು ಸಿಗದಿದ್ದರೆ ಅರ್ಜಿಯ ಕೊನೆಯ ದಿನ ಮುಂದೆ ಹಾಕುತ್ತೇವೆ, ಅರ್ಧದ ಮಿತಿ ಸಡಿಲಿಸುವುದಿಲ್ಲ. ಪ್ರೊಡಕ್ಷನ್ ಮ್ಯಾನೇಜರ್‌ಗಳಿಗೆ ಇದು ಕಿರಿಕಿರಿ ಅಂತ ಗೊತ್ತು.

ಹೆಸರು, ವಿಳಾಸ, ಕಾಲೇಜು ಮುಚ್ಚಿದ ಪ್ರತಿಯನ್ನೇ ಮೊದಲ ಸುತ್ತಿನಲ್ಲಿ ಓದುವುದು. ಆಪರೇಟರ್ ಹುದ್ದೆಗೆ ಎಲ್ಲರಿಗೂ ಒಂದೇ ಕೈಕೆಲಸದ ಪರೀಕ್ಷೆ: ಬೋರ್ಡಿಗೆ ಸೋಲ್ಡರ್ ಮಾಡುವುದು, ವರ್ನಿಯರ್ ಓದುವುದು, ಕೆಲಸದ ಸೂಚನೆ ನೋಡಿ ಜೋಡಿಸುವುದು. ಯಾರು ಯಾರ ರೆಫರಲ್ ಎಂಬುದು ನಮ್ಮ ವಿಭಾಗದ ಕಡತದಲ್ಲಿ ಮಾತ್ರ ಇರುತ್ತದೆ. ಇಂಟರ್‌ವ್ಯೂ ಮಾಡುವವರಿಗೆ ತಿಳಿಸುವುದಿಲ್ಲ. ನೀವೂ ಅವರಿಗೆ ಫೋನ್ ಮಾಡಿ "ನಮ್ಮ ಹುಡುಗ, ಸ್ವಲ್ಪ ನೋಡ್ಕೊಳ್ಳಿ ಸಾರ್" ಎನ್ನಬಾರದು. ಹಾಗೆ ಅಂದದ್ದು ಗೊತ್ತಾದರೆ ಹಣ ರದ್ದಾಗುತ್ತದೆ. ಅಭ್ಯರ್ಥಿಯ ಅರ್ಜಿ ಮಾತ್ರ ಹಾಗೇ ಉಳಿಯುತ್ತದೆ. ಅವರದೇನು ತಪ್ಪು?

ಆರು ತಿಂಗಳಿಗೊಮ್ಮೆ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ: ಎಷ್ಟು ಅರ್ಜಿ, ಎಷ್ಟು ಇಂಟರ್‌ವ್ಯೂ, ಎಷ್ಟು ಜನ ಸೇರಿದರು, ಅದರಲ್ಲಿ ರೆಫರಲ್ ಎಷ್ಟು, ಹೊರಗಿನಿಂದ ಎಷ್ಟು, ಮಹಿಳೆಯರೆಷ್ಟು, ಯಾವ ಯಾವ ಜಿಲ್ಲೆ. ಒಂದು ತಂಡಕ್ಕೆ ಆ ಅವಧಿಯಲ್ಲಿ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದೇ ತಂಡದವರ ರೆಫರಲ್ ಆಗಿದ್ದರೆ, ಮುಂದಿನ ಆರು ತಿಂಗಳು ಆ ತಂಡಕ್ಕೆ ರೆಫರಲ್ ನಿಲ್ಲುತ್ತದೆ. ಆ ತಂಡದವರು ಬೇರೆ ವಿಭಾಗಗಳಿಗೆ ಹೆಸರು ಕೊಡಬಹುದು.

ನೆಂಟರು, ದೂರು, ದುಡ್ಡು ಕೇಳುವವರು

ನೆಂಟರನ್ನು ರೆಫರ್ ಮಾಡಬಹುದು. ನೆಂಟರು ಎಂದು ಫಾರಂನಲ್ಲಿ ಬರೆಯಬೇಕು. ಒಂದೇ ಲೈನಿನಲ್ಲಿ, ಒಬ್ಬರ ಕೈಕೆಳಗೆ ಇನ್ನೊಬ್ಬರು ಬರುವಂತೆ ಹಾಕುವುದಿಲ್ಲ.

ಕೆಲಸ ಕೊಡಿಸುತ್ತೇನೆ ಎಂದು ಅಭ್ಯರ್ಥಿಯಿಂದ ಹಣ ತೆಗೆದುಕೊಂಡರೆ ಶಿಸ್ತು ಕ್ರಮ ಖಂಡಿತ. ಗೇಟಿನ ಹತ್ತಿರ ಇಂಥ ಮಾತು ಓಡಾಡುತ್ತಿದೆ ಎಂಬುದು ನಮ್ಮ ಕಿವಿಗೂ ಬಿದ್ದಿದೆ. ಹಣ ಕೊಟ್ಟು ಮೋಸ ಹೋದವರು ಹೆದರದೆ ಹೇಳಲಿ, ಅವರ ಅರ್ಜಿಗೆ ಅದರಿಂದ ತೊಂದರೆ ಇಲ್ಲ. ದೂರನ್ನು ಟೈಮ್ ಆಫೀಸಿನ ಪೆಟ್ಟಿಗೆಗೆ ಹಾಕಬಹುದು, ಹೆಸರು ಬರೆಯಲೇಬೇಕೆಂದಿಲ್ಲ. ನಮ್ಮ ವಿಭಾಗದ ಮೇಲೇ ದೂರಿದ್ದರೆ ಘಟಕದ ಮುಖ್ಯಸ್ಥರಿಗೆ ನೇರವಾಗಿ ಕೊಡಿ.

ನೀವು ಕೊಟ್ಟ ಹೆಸರು ಆಯ್ಕೆ ಆಗದಿದ್ದರೆ 15 ದಿನದೊಳಗೆ ನಿಮಗೂ ಅವರಿಗೂ ತಿಳಿಸುತ್ತೇವೆ. ಕಾರಣವನ್ನು ಅವರಿಗೆ ಮಾತ್ರ ಹೇಳುತ್ತೇವೆ.

ಮಾರ್ಚ್ 31ರೊಳಗೆ ಫಾರಂ ಕೊಟ್ಟವರಿಗೆ ಹಳೇ ದರ, ಹೊಸ ದರ ಎರಡರಲ್ಲಿ ಯಾವುದು ಜಾಸ್ತಿಯೋ ಅದು ಸಿಗುತ್ತದೆ.

ಈಗ ಖಾಲಿ ಇರುವುದು: ಅಸೆಂಬ್ಲಿ ಆಪರೇಟರ್ 9, ಟೆಸ್ಟ್ ಟೆಕ್ನಿಷಿಯನ್ 2, ಸ್ಟೋರ್ಸ್ ಸಹಾಯಕರು 1, ಡಿಸೈನ್ ಎಂಜಿನಿಯರ್ 1. ಫಾರಂ ಟೈಮ್ ಆಫೀಸಿನಲ್ಲೂ ಕ್ಯಾಂಟೀನ್ ಕೌಂಟರಿನಲ್ಲೂ ಸಿಗುತ್ತದೆ. ಕೊನೆಯ ದಿನ ಏಪ್ರಿಲ್ 18, ಶನಿವಾರ. ಕೈಕೆಲಸದ ಪರೀಕ್ಷೆ ಏಪ್ರಿಲ್ 22 ಮತ್ತು 23ರಂದು ತರಬೇತಿ ಕೊಠಡಿಯಲ್ಲಿ, ಬೆಳಿಗ್ಗೆ 9.30ಕ್ಕೆ.

ಮುಖ್ಯಸ್ಥರು, ಮಾನವ ಸಂಪನ್ಮೂಲ ವಿಭಾಗ