ಸೆಟ್ಟಿಂಗ್ ಟ್ರಾಲಿ: ಸಿಎನ್‌ಸಿ 3 ಮತ್ತು 4ಕ್ಕೆ ಒಂದು ಸಣ್ಣ ಪ್ರಸ್ತಾವ

ಗೆ: ಪ್ರೊಡಕ್ಷನ್ ಸೂಪರ್‌ವೈಸರ್, ಮಷಿನ್ ಶಾಪ್, ಪೀಣ್ಯ
ಇಂದ: ಸುಷ್ಮಾ, ಇಂಟರ್ನ್ (ಡಿಪ್ಲೊಮಾ ಮೆಕ್ಯಾನಿಕಲ್, 6ನೇ ಸೆಮಿಸ್ಟರ್)
ದಿನಾಂಕ: 3 ಮಾರ್ಚ್ 2025

ಸರ್,

ಕಳೆದ ಎರಡು ವಾರ ಸಿಎನ್‌ಸಿ 3 ಮತ್ತು 4ರ ಪಕ್ಕ ನಿಂತು, ಮೊದಲ ಶಿಫ್ಟಿನ 12 ಸೆಟ್ಟಿಂಗ್‌ಗಳ ಟೈಮ್ ಬರೆದುಕೊಂಡೆ. ಹಳೇ ಜಾಬಿನ ಕೊನೆ ಪೀಸ್ ಇಳಿದಾಗಿನಿಂದ ಹೊಸ ಜಾಬಿನ ಮೊದಲ ಪೀಸ್ ಓಕೆ ಆಗೋವರೆಗೆ ಸರಾಸರಿ 70 ನಿಮಿಷ ಹಿಡಿಯಿತು. ಅದರಲ್ಲಿ 25 ನಿಮಿಷ ಸೆಟ್ಟರ್ ಮಷಿನ್ ಹತ್ತಿರವೇ ಇರಲಿಲ್ಲ. ಸಾಫ್ಟ್ ಜಾ ಹುಡುಕಲು ರ್‍ಯಾಕಿಗೆ, ಅಲೆನ್ ಕೀ ಕೇಳಲು ಪಕ್ಕದ ಮಷಿನ್‌ಗೆ, ಗೇಜ್ ತರಲು ಕ್ಯೂಸಿ ರೂಮಿಗೆ ಓಡಾಟ. ಅಷ್ಟು ಹೊತ್ತೂ ಸ್ಪಿಂಡಲ್ ಸುಮ್ನೆ ನಿಂತಿರುತ್ತದೆ. ಒಂದು ದಿನವಂತೂ ಒಂದು ಜೊತೆ ಜಾ ಹುಡುಕೋದಕ್ಕೇ 55 ನಿಮಿಷ ಹೋಯಿತು. ಕೊನೆಗೆ ಸಿಕ್ಕಿದ್ದು ಸಿಎನ್‌ಸಿ 1ರ ಕೂಲೆಂಟ್ ಟ್ಯಾಂಕ್ ಹಿಂದೆ!

ಇದು ಸೆಟ್ಟರ್‌ಗಳ ತಪ್ಪಲ್ಲ. ಸಾಮಾನಿಗೆ ಒಂದು ಜಾಗ ಅಂತ ಇಲ್ಲ, ಅಷ್ಟೇ. ಮಷಿನ್ ನಿಂತಾಗಲೇ ಮಾಡಬೇಕಾದ ಕೆಲಸ ಬೇರೆ, ಓಡುತ್ತಿರುವಾಗಲೇ ಮುಗಿಸಿಡಬಹುದಾದ ಕೆಲಸ ಬೇರೆ. ಸೆಟ್ಟಿಂಗ್ ಟೈಮ್ ಇಳಿಸಲು ಜಪಾನಿನ ಶಿಗೆಯೊ ಶಿಂಗೊ ಹೇಳಿದ ಎಸ್‌ಎಂಇಡಿ ವಿಧಾನದ ಮೊದಲ ಹೆಜ್ಜೆ ಇವೆರಡನ್ನೂ ಬೇರ್ಪಡಿಸುವುದೇ. ನಾನು ಕೇಳುತ್ತಿರುವುದು ಅಷ್ಟು ಮಾತ್ರ.

ಏನು ಮಾಡುತ್ತೇನೆ: ಎರಡೂ ಮಷಿನ್‌ಗೆ ಸೇರಿ ಒಂದು ಟ್ರಾಲಿ. ಅದರ ಶೀಟಿನ ಮೇಲೆ ಪ್ರತಿ ಟೂಲಿನ ಆಕಾರವನ್ನು ಪೇಂಟ್ ಮಾಡುತ್ತೇನೆ, ಏನು ಕಾಣೆಯಾಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಸಾಫ್ಟ್ ಜಾಗಳ ಮೇಲೆ ಪಾರ್ಟ್ ನಂಬರ್ ಪಂಚ್ ಮಾಡುತ್ತೇನೆ. ಮುಂದಿನ ಜಾಬಿನ ಜಾ, ಇನ್ಸರ್ಟ್, ಡ್ರಾಯಿಂಗ್, ಗೇಜ್ ಎಲ್ಲ ಹಿಂದಿನ ಜಾಬ್ ಓಡುತ್ತಿರುವಾಗಲೇ ಟ್ರಾಲಿಗೆ ಬರಬೇಕು. ಪ್ರೋಗ್ರಾಮ್, ಆಫ್‌ಸೆಟ್, ಕಟಿಂಗ್ ಸ್ಪೀಡ್ ಯಾವುದನ್ನೂ ಮುಟ್ಟುವುದಿಲ್ಲ. ಬೇರೆ ಮಷಿನ್‌ಗಳ ವಿಚಾರ ಈಗ ಬೇಡ.

ಸಮಯ: ಮಾರ್ಚ್ 10ರಿಂದ ನಾಲ್ಕು ವಾರ. ಮೊದಲ ವಾರ ಸೆಟ್ಟರ್‌ಗಳ ಜೊತೆ ಕೂತು ಸಾಮಾನಿನ ಪಟ್ಟಿ, ಎರಡನೇ ವಾರ ಟ್ರಾಲಿ ತಯಾರಿ, ಆಮೇಲೆ ಎರಡು ವಾರ ಬಳಸಿ ಮತ್ತೆ ಟೈಮ್ ಅಳತೆ. ಏಪ್ರಿಲ್ 5ಕ್ಕೆ ನನ್ನ ಇಂಟರ್ನ್‌ಶಿಪ್ ಮುಗಿಯುತ್ತದೆ, ಅದಕ್ಕೆ ಮೊದಲೇ ರಿಪೋರ್ಟ್ ಕೊಡುತ್ತೇನೆ.

ಖರ್ಚು: ಶೀಟ್ ಮತ್ತು ಹುಕ್ 1,400, ಪೇಂಟ್ 300, ಒಂದು ಸೆಟ್ ಅಲೆನ್ ಕೀ ಮತ್ತು ಟಾರ್ಕ್ಸ್ 1,700, ಜಾ ಇಡಲು ಆ್ಯಂಗಲ್ 800. ಒಟ್ಟು 4,200 ರೂಪಾಯಿ.

ಲಾಭ: 25 ನಿಮಿಷವೂ ಉಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಸೆಟ್ಟಿಂಗ್‌ಗೆ 15 ನಿಮಿಷ ಉಳಿದರೂ, ವಾರಕ್ಕೆ 6 ಸೆಟ್ಟಿಂಗ್ ಲೆಕ್ಕದಲ್ಲಿ ಒಂದೂವರೆ ಗಂಟೆ. ನಮ್ಮ ಮಷಿನ್ ಅವರ್ ರೇಟ್ 450 ರೂಪಾಯಿ ಹಿಡಿದರೆ ವಾರಕ್ಕೆ 675. ಏಳನೇ ವಾರದೊಳಗೆ ಹಾಕಿದ ದುಡ್ಡು ವಾಪಸ್.

ಒಂದು ಭಯ ಇದೆ. ಎರಡನೇ ಶಿಫ್ಟಿನಲ್ಲಿ ಯಾರೋ ಕೀ ತೆಗೆದುಕೊಂಡು ಹೋದರೆ ಮತ್ತೆ ಹಳೇ ಕಥೆಯೇ, ಅಲ್ವಾ? ಅದಕ್ಕೆ ಶಿಫ್ಟ್ ಬದಲಾಗುವಾಗ ಟ್ರಾಲಿ ನೋಡಿ ಸಹಿ ಹಾಕುವ ಒಂದು ಸಾಲನ್ನು ಲಾಗ್‌ಬುಕ್ಕಿಗೆ ಸೇರಿಸಬೇಕು. ಇದು ನಿಮ್ಮ ಬಾಯಿಂದ ಬಂದರೆ ಮಾತ್ರ ನಡೆಯುತ್ತದೆ.

ನಿಮ್ಮಿಂದ ಬೇಕಾಗಿರುವುದು ಇಷ್ಟು: 4,200ಕ್ಕೆ ಒಪ್ಪಿಗೆ, ಸ್ಕ್ರ್ಯಾಪ್ ಯಾರ್ಡ್ ಪಕ್ಕ ಬಿದ್ದಿರುವ ಹಳೇ ಟ್ರಾಲಿ, ಮತ್ತು ಒಂದು ಶನಿವಾರ ಮಧ್ಯಾಹ್ನ ವೆಲ್ಡರ್. ಟೈಮ್ ಬರೆದ ಹಾಳೆಗಳನ್ನು ಜೊತೆಗಿಟ್ಟಿದ್ದೇನೆ.

ಇಂತಿ,
ಸುಷ್ಮಾ