ತಿಳಿ ಸಾರು

ಯಶವಂತಪುರದಲ್ಲಿ ರೈಲಿನಿಂದ ಇಳಿದಾಗ ಸಂಜೆ ಏಳಾಗಿತ್ತು. ಬೆನ್ನಿಗೆ ಬ್ಯಾಗು, ಕೈಚೀಲದಲ್ಲಿ ಅಮ್ಮ ಕೊಟ್ಟ ಎರಡು ತೆಂಗಿನಕಾಯಿ. ತಿಪಟೂರಿನವರು ಬೆಂಗಳೂರಿಗೆ ಬರುವಾಗ ಕಾಯಿ ತರದಿದ್ದರೆ ಊರಿನ ಮರ್ಯಾದೆ ಹೋಗುತ್ತದೆ ಅಂತ ಅಮ್ಮನ ನಂಬಿಕೆ. ಪಿಜಿಯಲ್ಲಿ ಕಾಯಿ ಒಡೆಯೋಕೆ ಕತ್ತಿಯೂ ಇಲ್ಲ ಅಂದರೆ ಕೇಳೋದಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಆಪರೇಟಿಂಗ್ ಸಿಸ್ಟಮ್ಸ್ ಇಂಟರ್ನಲ್ಸ್. ನಾನು ಹನ್ನೆರಡು ದಿನ ಕಾಲೇಜಿನ ಕಡೆ ತಲೆ ಹಾಕಿರಲಿಲ್ಲ. ಅಪ್ಪ ಟಿವಿಎಸ್‌ನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಆಸ್ಪತ್ರೆ, ಮನೆ, ತೋಟ, ಮತ್ತೆ ಆಸ್ಪತ್ರೆ. ಪುಸ್ತಕ ಬ್ಯಾಗಿನಲ್ಲೇ ಇತ್ತು. ಹೊರಗೆ ತೆಗೆದಿದ್ದು ಒಂದೇ ಸಲ, ಅದೂ ಅಪ್ಪನ ಎಕ್ಸ್‌ರೇ ಮಡಚದ ಹಾಗೆ ಒಳಗೆ ಇಟ್ಟುಕೊಳ್ಳೋಕೆ.

ವಿಜಯನಗರದ ಪಿಜಿಗೆ ಬಂದು ಕೂತು ಸರ್ ಕಳಿಸಿದ ಪಿಪಿಟಿ ತೆರೆದೆ. ಅರವತ್ತೆಂಟು ಸ್ಲೈಡು. ಒಂದೊಂದರಲ್ಲೂ ನಾಲ್ಕು ಸಾಲು, ಒಂದು ಬಾಣದ ಗುರುತು. ಕ್ಲಾಸಿನಲ್ಲಿ ಕೂತವರಿಗೆ ಅದು ನೆನಪಿನ ಚೀಟಿ, ಕೂರದವರಿಗೆ ಬರೀ ಬಾಣ. ಹತ್ತು ಗಂಟೆ ಹೊತ್ತಿಗೆ ನನಗೆ ಡೆಡ್‌ಲಾಕ್ ಅಂದರೇನು ಅಂತ ಮಾತ್ರ ಚೆನ್ನಾಗಿ ಗೊತ್ತಾಗಿತ್ತು. ಓದದೆ ಮಲಗೋ ಹಾಗಿಲ್ಲ, ಮಲಗದೆ ಓದೋ ಹಾಗಿಲ್ಲ.

ಆಗ ನಂದಿನಿ ಮೆಸೇಜು ಬಂತು. ‘ಬಂದ್ಯಾ? ಅಪ್ಪ ಹೇಗಿದ್ದಾರೆ? ಸಾರು ಕಳಿಸಿದ್ದೀನಿ. ಪಿಪಿಟಿ ನೋಡ್ಬೇಡ, ತಲೆ ಕೆಡುತ್ತೆ.’

ಕೆಳಗೆ ಒಂದು ಫೈಲು, `OS_saaru_2.pdf`. ಜೊತೆಗೆ ಆರು ಆಡಿಯೋ.

ಈ ಸಾರಿನ ಕಥೆ ಹೇಳಬೇಕು. ನಂದಿನಿಗೆ ಎಡಗಿವಿ ಸ್ವಲ್ಪ ಮಂದ. ಫ್ಯಾನು ತಿರುಗುತ್ತಿದ್ದರೆ ಸರ್ ಹೇಳಿದ್ದರಲ್ಲಿ ಅರ್ಧ ತಪ್ಪಿಹೋಗುತ್ತದೆ. ಹಾಗಾಗಿ ಸೆಮಿಸ್ಟರ್ ಶುರುವಿನಲ್ಲೇ ಸರ್ ಹತ್ತಿರ ಹೋಗಿ, ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳಿದ್ದಳು. ‘ಕ್ಲಾಸಿನವರ ಮಧ್ಯೆ ಇರಲಿ, ಯೂಟ್ಯೂಬಿಗೆ ಹಾಕಬೇಡಮ್ಮ’ ಅಂದಿದ್ದರು ಅವರು. ಅವತ್ತಿನಿಂದ ಅವಳ ಫೋನು ಮೊದಲ ಬೆಂಚಿನ ಮೇಲೆ ಮಕಾಡೆ ಮಲಗಿರುತ್ತದೆ. ಸಂಜೆ ಬನಶಂಕರಿಯಲ್ಲಿ ಮೆಟ್ರೊ ಹತ್ತಿ ದಾಸರಹಳ್ಳಿಯಲ್ಲಿ ಇಳಿಯುವವರೆಗೂ ಬಲಗಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾಳೆ, ಬರೆಯುತ್ತಾಳೆ. ಒಂದು ಗಂಟೆಯ ಪಾಠ ಒಂದೂವರೆ ಪುಟಕ್ಕೆ ಇಳಿಯುತ್ತದೆ. ಸಾರಾಂಶ ಅಂತ ಪೂರ್ತಿ ಟೈಪ್ ಮಾಡೋಕೆ ಸೋಮಾರಿತನ ಬಂದು ಸಾರು ಅಂತ ಹೆಸರಿಟ್ಟಳು. ಬೇಳೆಯೆಲ್ಲ ಕೆಳಗೆ ಕೂತ ಮೇಲೆ ಮೇಲಿನ ತಿಳಿ ತೆಗೆದ ಹಾಗೆ. ಹುಡುಗರು ನಕ್ಕರು. ಆಮೇಲೆ ಪರೀಕ್ಷೆ ಹತ್ತಿರ ಬಂದಾಗೆಲ್ಲ ಗ್ರೂಪಿನಲ್ಲಿ ‘ಸಾರು ಯಾವಾಗ?’ ಅಂತ ಅವರೇ ಕೇಳೋಕೆ ಶುರು ಮಾಡಿದರು.

ತೆರೆದೆ. ಪ್ರತಿ ಸಾಲಿನ ಪಕ್ಕ ನಿಮಿಷ ಬರೆದಿದ್ದಳು. ‘12:40 — ಡೆಡ್‌ಲಾಕ್ ಆಗೋಕೆ ನಾಲ್ಕೂ ಷರತ್ತು ಒಟ್ಟಿಗೆ ಇರಬೇಕು. ಒಂದು ಮುರಿದರೂ ಸಾಕು, ಬಿಡುಗಡೆ. ಸರ್ ಎರಡು ಸಲ ಹೇಳಿದರು.’ ಅದರ ಕೆಳಗೆ, ‘ಸರ್ಕಲಿನ ನಾಲ್ಕೂ ಕಡೆಯಿಂದ ಬಸ್ ಬಂದು ನಿಂತಿದೆ. ಪ್ರತಿ ಬಸ್ಸಿಗೂ ಮುಂದಿನ ಬಸ್ಸಿನ ಜಾಗ ಬೇಕು. ಯಾರೂ ಹಿಂದೆ ಹೋಗಲ್ಲ. ಅಷ್ಟೇ.’ ಅರವತ್ತೆಂಟು ಸ್ಲೈಡಿನಲ್ಲಿ ಎಲ್ಲೂ ಬಸ್ಸು ಇರಲಿಲ್ಲ.

ಹನ್ನೊಂದೂವರೆವರೆಗೆ ಸಲೀಸಾಗಿ ಓಡಿತು. ಪೇಜ್ ರಿಪ್ಲೇಸ್‌ಮೆಂಟ್ ಹತ್ತಿರ ಬಂದು ಸಿಕ್ಕಿಕೊಂಡೆ. ಫೈಫೋ ಅಂದರೆ ಮೊದಲು ಬಂದ ಪೇಜು ಮೊದಲು ಹೊರಗೆ, ಅಷ್ಟು ಗೊತ್ತು. ಪ್ರೋಗ್ರಾಮಿನ ಒಂದು ತುಂಡು ಪೇಜು, ಮೆಮೊರಿಯಲ್ಲಿ ಅದು ಕೂರುವ ಜಾಗ ಫ್ರೇಮು, ಬೇಕಾದ ಪೇಜು ಅಲ್ಲಿ ಇಲ್ಲದಿದ್ದರೆ ಒಂದು ಫಾಲ್ಟು. ಪೇಜುಗಳು ಒಂದರ ಹಿಂದೆ ಒಂದು ಬೇಕಾಗುವ ಸಾಲು ಕೊಟ್ಟು ಅವಳು ಒಂದು ಲೆಕ್ಕ ಬರೆದಿದ್ದಳು.

```
1 2 3 4 1 2 5 1 2 3 4 5
3 frames: 9 faults
4 frames: 10 faults
```

ಇದೆಂಥದ್ದು? ಜಾಗ ಜಾಸ್ತಿ ಆದರೆ ಫಾಲ್ಟ್ ಕಡಿಮೆ ಆಗಬೇಕು ಅಲ್ವಾ? ಪಾಪ, ಮೆಟ್ರೊದಲ್ಲಿ ನಿಂತುಕೊಂಡು ಬರೆಯುವಾಗ ತಪ್ಪಾಗಿರಬೇಕು ಅಂದುಕೊಂಡೆ. ಸುಮ್ನೆ ತಿದ್ದಿಕೊಂಡು ಮುಂದೆ ಹೋಗಬಹುದಿತ್ತು. ಆದರೂ ಮೆಸೇಜ್ ಹಾಕಿದೆ. ‘ನಾಲ್ಕಕ್ಕೆ ಹತ್ತು ಹೇಗೆ ಬರುತ್ತೆ? ತಪ್ಪು ಬರೆದಿದ್ದೀಯ.’

‘ತಪ್ಪಲ್ಲ ಕಣೋ. ನಾಲ್ಕನೇ ಆಡಿಯೋ, 31ನೇ ನಿಮಿಷ ಕೇಳು. ನಾನು ಮಲಗ್ತೀನಿ.’

ಆತುರದಲ್ಲಿ ಬೆರಳು ಜಾರಿ ಆಡಿಯೋ ಮೊದಲಿನಿಂದಲೇ ಶುರುವಾಯಿತು. ಫ್ಯಾನಿನ ಗೊರಗೊರ. ಬೆಂಚು ಎಳೆದ ಸದ್ದು. ಹಾಜರಿ ನಡೆಯುತ್ತಿತ್ತು. ನಲವತ್ತೊಂದು, ಎಸ್ ಸರ್. ನಲವತ್ತೆರಡು, ಎಸ್ ಸರ್. ನಲವತ್ಮೂರು. ಅದು ನನ್ನ ನಂಬರು. ಯಾರೂ ಮಾತಾಡಲಿಲ್ಲ. ‘ಈ ರಘು ಎಲ್ಲಿ ಹಾಳಾಗಿ ಹೋದ?’ ಅಂದರು ಸರ್. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಗ ಫೋನಿಗೆ ತೀರಾ ಹತ್ತಿರದಿಂದ, ಸ್ವಲ್ಪ ಜೋರಾಗೇ, ನಂದಿನಿ ದನಿ. ‘ಅವರ ಅಪ್ಪನಿಗೆ ಆಕ್ಸಿಡೆಂಟ್ ಆಗಿದೆ ಸರ್. ಊರಲ್ಲಿದ್ದಾನೆ.’ ಸರ್ ಒಂದು ಕ್ಷಣ ಸುಮ್ಮನಾದರು. ಆಮೇಲೆ, ‘ಓ. ನೋಟ್ಸು ಗೀಟ್ಸು ಕೊಡ್ರಪ್ಪಾ ಅವನಿಗೆ’ ಅಂದು ನಲವತ್ನಾಲ್ಕು ಕೂಗಿದರು.

ಅಷ್ಟನ್ನೇ ಇನ್ನೊಂದು ಸಲ ಕೇಳಿದೆ. ಆಮೇಲೆ 31ಕ್ಕೆ ಹೋದೆ.

‘ಬೆಲಾಡಿ ಅಂತ ಒಬ್ಬರು 1969ರಲ್ಲಿ ತೋರಿಸಿದ್ದು ಇದು’ ಅನ್ನುತ್ತಿದ್ದರು ಸರ್. ‘ನಂಬಬೇಡಿ. ಹಾಕಿ ನೋಡಿ.’ ಹಾಕಿ ನೋಡಿದೆ. ನಾಲ್ಕು ಮನೆ ಗೀಚಿ 1, 2, 3, 4 ಕೂರಿಸಿದೆ. ನಾಲ್ಕು ಫಾಲ್ಟು. ಮುಂದಿನ 1, 2 ಒಳಗೇ ಇವೆ, ಖರ್ಚಿಲ್ಲ. 5 ಬಂತು, ಎಲ್ಲರಿಗಿಂತ ಹಳಬ 1, ಅವನನ್ನು ಎಬ್ಬಿಸಿದೆ. ತಕ್ಷಣ ಬೇಕಾಗಿದ್ದು ಯಾರು? ಅದೇ 1! ಅವನಿಗೋಸ್ಕರ 2 ಎದ್ದ. ಮುಂದೆ ಬೇಕಾಗಿದ್ದು 2. ಕೊನೆವರೆಗೂ ಹೀಗೇ, ಯಾರನ್ನು ಈಗಷ್ಟೇ ಹೊರಗೆ ಕಳಿಸಿದೆವೋ ಅವರೇ ಬಾಗಿಲು ಬಡಿಯುತ್ತಾರೆ. ಎಣಿಸಿದರೆ ಹತ್ತು. ಮೂರು ಮನೆ ಹಾಕಿದರೆ ಒಂಬತ್ತೇ. ರಾತ್ರಿ ಹನ್ನೆರಡೂಮುಕ್ಕಾಲಿಗೆ ಒಬ್ಬನೇ ನಕ್ಕೆ. ಪಕ್ಕದ ಮಂಚದವನು ಮುಸುಕಿನೊಳಗಿಂದಲೇ ಬೈದ.

ಎಲ್ಲ ಓದಿ ಮುಗಿಸಿದೆ ಅಂತ ಸುಳ್ಳು ಹೇಳಲ್ಲ. ಬ್ಯಾಂಕರ್ಸ್ ಅಲ್ಗಾರಿದಮ್ ಅರ್ಧಕ್ಕೇ ಬಿಟ್ಟು ಎರಡಕ್ಕೆ ಮಲಗಿದೆ.

ಬೆಳಿಗ್ಗೆ ಪ್ರಶ್ನೆಪತ್ರಿಕೆಯ ಮೂರನೇ ಪ್ರಶ್ನೆ, ಹತ್ತು ಅಂಕ. 3, 2, 1, 0, 3, 2, 4, 3, 2, 1, 0, 4. ಮೂರು ಫ್ರೇಮು ಮತ್ತು ನಾಲ್ಕು ಫ್ರೇಮಿಗೆ ಫೈಫೋ ಮಾಡಿ, ಕಂಡದ್ದನ್ನು ವಿವರಿಸಿ. ಎರಡು ಸಲ ನೋಡಿದ ಮೇಲೆ ಗೊತ್ತಾಯಿತು, ಅದೇ ಲೆಕ್ಕ. ಸರ್ ಬರೀ ಅಂಗಿ ಬದಲಾಯಿಸಿದ್ದರು. 1 ಇದ್ದಲ್ಲಿ 3, 5 ಇದ್ದಲ್ಲಿ 4. ಆದರೂ ಮನೆ ಗೀಚಿ ಪೂರ್ತಿ ಹಾಕಿದೆ. ಒಂಬತ್ತು, ಹತ್ತು. ಪಕ್ಕದ ಸಾಲಿನವನು ಹತ್ತು ಬರೆದು, ಹೊಡೆದು ಹಾಕಿ, ಮತ್ತೆ ಮೊದಲಿನಿಂದ ಗೀಚೋಕೆ ಶುರು ಮಾಡಿದ್ದ. ನಿನ್ನೆ ರಾತ್ರಿಯ ನಾನೇ ಅಲ್ಲಿ ಕೂತ ಹಾಗಿತ್ತು.

ಬ್ಯಾಂಕರ್ಸ್ ಬಂದಿತ್ತು, ಐದು ಅಂಕಕ್ಕೆ. ಅದು ಹೋಯಿತು.

ಹೊರಗೆ ಬಂದಾಗ ನಂದಿನಿ ನಲ್ಲಿಯ ಹತ್ತಿರ ಬಾಟಲಿ ತುಂಬಿಸುತ್ತಿದ್ದಳು. ಅವಳ ಬಲಗಡೆಗೆ ಹೋಗಿ ನಿಂತೆ.

‘ಹತ್ತು ಬಂತಾ?’ ಅಂದಳು.

‘ಬಂತು.’

ಹಾಜರಿ ಕೇಳಿಸಿಕೊಂಡೆ ಅಂತ ಹೇಳಬೇಕು ಅನ್ನಿಸಿತು. ಬಾಯಿಗೆ ಬರಲಿಲ್ಲ. ಬ್ಯಾಗಿನಿಂದ ಎರಡೂ ತೆಂಗಿನಕಾಯಿ ತೆಗೆದು ಅವಳ ಕೈಗೆ ಕೊಟ್ಟೆ.

‘ಇದೇನೋ ಇದು?’

‘ಊರಿಂದ ತಂದಿದ್ದು. ಸಾರಿಗೆ ಹಾಕ್ಕೋ.’

ಅವಳು ಒಂದನ್ನು ಕಿವಿಯ ಹತ್ತಿರ ಹಿಡಿದು, ಬಲಗಿವಿಯ ಹತ್ತಿರ, ಅಲ್ಲಾಡಿಸಿ ನೀರಿದೆಯಾ ನೋಡಿದಳು.

‘ತಿಳಿ ಸಾರಿಗೆ ಯಾರೋ ಕಾಯಿ ಹಾಕ್ತಾರೆ?’